x² ಕೆಳಗಿನ ವಿಸ್ತೀರ್ಣ ಸರಿಯಾಗಿ 1/3 ಹೇಗಾಗುತ್ತದೆ?

ಪ್ರಶ್ನೆ: ಸರ್, 0 ಯಿಂದ 1 ರವರೆಗೆ x² ಇಂಟಿಗ್ರೇಟ್ ಮಾಡಿದರೆ x³/3 ಹಾಕಿ ಒಂದೇ ಸಾಲಿನಲ್ಲಿ 1/3 ಬರುತ್ತೆ. ಅದನ್ನೇ ಮೊತ್ತದ ಲಿಮಿಟ್ ಆಗಿ ಮಾಡಿ ಅಂದಾಗಲೂ ವರ್ಗಗಳ ಮೊತ್ತದ ಸೂತ್ರ ಹಾಕಿ ಉತ್ತರ ತರ್ತೀನಿ, ಆದರೆ ನಂಬಿಕೆ ಬರ್ತಿಲ್ಲ. ಎಷ್ಟೇ ಸಣ್ಣ ಆಯತ ಇಟ್ಟರೂ ವಕ್ರರೇಖೆ ಹತ್ತಿರ ಚೂರು ಉಳಿಯುತ್ತಲ್ಲ, ಹಾಗಾದ್ರೆ 1/3 ಅನ್ನೋದು ಅಂದಾಜಾ, ನಿಖರವಾ? ಇನ್ನೊಂದು, ಪುಸ್ತಕದಲ್ಲಿ n−1 ವರೆಗೆ ಕೂಡಿದ್ದಾರೆ, ನಮ್ಮ ಲೆಕ್ಚರರ್ n ವರೆಗೆ ಕೂಡಿಸಿದ್ರು. ಯಾವುದು ಸರಿ?

ಉತ್ತರ: ನಿಖರ. ಎರಡು ಮೊತ್ತಗಳೂ ಸರಿ. ಅಷ್ಟೇ ಅಲ್ಲ, ನಿಮ್ಮ ಎರಡನೆಯ ಪ್ರಶ್ನೆಯಲ್ಲೇ ಮೊದಲನೆಯದರ ಉತ್ತರವಿದೆ. ಎರಡು ಮೊತ್ತಗಳನ್ನೂ ಒಟ್ಟಿಗೆ ಇಟ್ಟುಕೊಂಡಾಗ ಮಾತ್ರ 1/3 ಏಕೆ ಅಂದಾಜಲ್ಲ ಎನ್ನುವುದು ಕಾಣುತ್ತದೆ. ಒಂದನ್ನೇ ಹಿಡಿದುಕೊಂಡು ಹೋದರೆ ನಿಮ್ಮ ಅನುಮಾನ ಉಳಿದೇ ಉಳಿಯುತ್ತದೆ, ಉಳಿಯುವುದು ನ್ಯಾಯವೂ ಹೌದು.

0 ಯಿಂದ 1 ರವರೆಗಿನ ಅಂತರವನ್ನು n ಸಮಭಾಗ ಮಾಡಿ. ಪ್ರತಿ ಪಟ್ಟಿಯ ಅಗಲ 1/n. ಭಾಗಿಸುವ ಬಿಂದುಗಳು 0, 1/n, 2/n, ... ಹೀಗೆ 1 ರವರೆಗೆ. ಈಗ ಪ್ರತಿ ಪಟ್ಟಿಯ ಮೇಲೆ ಒಂದು ಆಯತ ನಿಲ್ಲಿಸಬೇಕು. ಅದರ ಎತ್ತರ ಎಷ್ಟು? x² ಈ ಅಂತರದಲ್ಲಿ ಏರುತ್ತಲೇ ಹೋಗುತ್ತದೆ, ಆದ್ದರಿಂದ ಪಟ್ಟಿಯ ಎಡ ತುದಿಯಲ್ಲಿ ಅದು ಅತಿ ಕಡಿಮೆ, ಬಲ ತುದಿಯಲ್ಲಿ ಅತಿ ಹೆಚ್ಚು. ಎಡ ತುದಿಯ ಎತ್ತರ ತೆಗೆದುಕೊಂಡರೆ ಆಯತ ಪೂರ್ತಿ ವಕ್ರರೇಖೆಯ ಕೆಳಗೇ ಇರುತ್ತದೆ. ಬಲ ತುದಿಯ ಎತ್ತರ ತೆಗೆದುಕೊಂಡರೆ ಆಯತ ರೇಖೆಯನ್ನು ದಾಟಿ ಮೇಲೆ ಚಾಚುತ್ತದೆ. ನಿಮ್ಮ ಪುಸ್ತಕ ಎಡ ತುದಿಗಳನ್ನು ತೆಗೆದುಕೊಂಡಿದೆ, ಅದಕ್ಕೇ 0 ಯಿಂದ n−1 ರವರೆಗೆ. ಲೆಕ್ಚರರ್ ಬಲ ತುದಿಗಳನ್ನು ತೆಗೆದುಕೊಂಡಿದ್ದಾರೆ, ಅದಕ್ಕೇ 1 ರಿಂದ n ರವರೆಗೆ. ಎಡ ಮೊತ್ತವನ್ನು Lₙ, ಬಲ ಮೊತ್ತವನ್ನು Rₙ ಎಂದು ಕರೆಯೋಣ.

Rₙ = (1/n)[(1/n)² + (2/n)² + ... + (n/n)²] = (1² + 2² + ... + n²)/n³

Lₙ = (0² + 1² + ... + (n−1)²)/n³

ಛೇದದಲ್ಲಿ n³ ಬಂದದ್ದು ಗಮನಿಸಿ. ಎರಡು n ಎತ್ತರದ ವರ್ಗದಿಂದ ಬಂದವು, ಒಂದು n ಅಗಲದಿಂದ. ಪರೀಕ್ಷೆಯಲ್ಲಿ ಅತಿ ಹೆಚ್ಚು ತಪ್ಪಾಗುವುದು ಇಲ್ಲೇ, ಅಗಲದ n ಬಿಟ್ಟುಹೋಗುತ್ತದೆ. ಹಾಗಾದರೆ ಲಿಮಿಟ್ ತೆಗೆದಾಗ ಮೊತ್ತ ಎಲ್ಲೂ ನಿಲ್ಲದೆ ಬೆಳೆಯುತ್ತಲೇ ಹೋಗುತ್ತದೆ. ಇದನ್ನು ಹಿಡಿಯಲು ಸುಲಭದ ಪರೀಕ್ಷೆಯೊಂದಿದೆ: ಲಿಮಿಟ್ ತೆಗೆಯುವ ಮೊದಲು ನಿಮ್ಮ ಸೂತ್ರದಲ್ಲಿ n ಜಾಗಕ್ಕೆ ಸಣ್ಣ ಸಂಖ್ಯೆ, ಉದಾಹರಣೆಗೆ 2, ಹಾಕಿ ನೋಡಿ. ಬಲ ಮೊತ್ತದಲ್ಲಿ ಎರಡು ಆಯತಗಳು, ಅಗಲ ತಲಾ 1/2, ಎತ್ತರ 1/4 ಮತ್ತು 1, ಒಟ್ಟು 5/8. ಸೂತ್ರ ಕೂಡ 5/8 ಕೊಡಬೇಕು. ಕೊಡದಿದ್ದರೆ ತಪ್ಪು ಅದಕ್ಕಿಂತ ಮೇಲಿನ ಸಾಲಿನಲ್ಲಿದೆ.

ಈಗ ವರ್ಗಗಳ ಮೊತ್ತ ಬೇಕು. ಸೂತ್ರ ನಿಮಗೆ ಬಾಯಿಪಾಠವಿದ್ದೀತು. ಆದರೂ ಅದು ಹುಟ್ಟುವ ಬಗೆಯನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಆ 1/3 ಒಳಗೆ ಬರುವುದು ಇಲ್ಲಿಂದಲೇ. ಒಂದು ಘನದಿಂದ ಅದರ ಹಿಂದಿನ ಘನವನ್ನು ಕಳೆಯಿರಿ:

(k+1)³ − k³ = 3k² + 3k + 1

k ಗೆ 1, 2, 3, ... n ಹಾಕಿ ಎಲ್ಲ ಸಾಲುಗಳನ್ನೂ ಕೂಡಿ. ಎಡಗಡೆ 2³ − 1³, 3³ − 2³, 4³ − 3³ ಹೀಗೆ ಬರುತ್ತವೆ. ನಡುವಿನವೆಲ್ಲ ಒಂದಕ್ಕೊಂದು ಹೊಡೆದುಹೋಗಿ ಉಳಿಯುವುದು (n+1)³ − 1 ಮಾತ್ರ. ಬಲಗಡೆ ನಮಗೆ ಬೇಕಾದ ಮೊತ್ತದ ಮೂರರಷ್ಟು, 1 ರಿಂದ n ವರೆಗಿನ ಮೊತ್ತದ ಮೂರರಷ್ಟು, ಮತ್ತು n. ವರ್ಗಗಳ ಮೊತ್ತವನ್ನು S ಎಂದರೆ,

(n+1)³ − 1 = 3S + 3n(n+1)/2 + n

S ಅನ್ನು ಬಿಡಿಸಿದರೆ,

S = n(n+1)(2n+1)/6 = n³/3 + n²/2 + n/6

ಎಡಗಡೆಯ ಮುಖ್ಯ ಪದ n³, ಬಲಗಡೆಯದು 3S. ಆದ್ದರಿಂದಲೇ S ನ ಮುಖ್ಯ ಪದ n³/3. ಘನದ ವ್ಯತ್ಯಾಸದಲ್ಲಿ 3k² ಇದೆಯಲ್ಲ, ಆ 3 ರಿಂದಲೇ ನಮ್ಮ ಉತ್ತರದ ಛೇದ ಬರುತ್ತದೆ. x³ ನ ಅವಕಲನ 3x² ಎನ್ನುವುದರ ನೆರಳು ಇಲ್ಲಿ ಬಿದ್ದಿರುವುದನ್ನು ನೀವು ಗುರುತಿಸಬಹುದು. x³/3 ಹಾಕಿದಾಗ ಒಂದೇ ಸಾಲಿನಲ್ಲಿ ಉತ್ತರ ಬಂದದ್ದಕ್ಕೂ ಇಲ್ಲಿ ಘನಗಳು ಹೊಡೆದುಹೋದದ್ದಕ್ಕೂ ಇರುವ ಸಂಬಂಧ ಅದೇ.

ಈ ಸೂತ್ರ ನಮ್ಮ ನೆಲದಲ್ಲಿ ಬಹಳ ಹಳೆಯದು. ಕ್ರಿ.ಶ. 499 ರ ಆರ್ಯಭಟೀಯದ ಗಣಿತಪಾದದಲ್ಲಿ ಆರ್ಯಭಟ ಇದನ್ನು ಒಂದು ಶ್ಲೋಕದಲ್ಲಿ ಕೊಡುತ್ತಾನೆ: ಮೂರು ಸಂಖ್ಯೆಗಳ ಗುಣಲಬ್ಧದ ಆರನೇ ಒಂದು ಭಾಗ. ಅವನು ಅದಕ್ಕೆ ಬಳಸಿದ ಹೆಸರು ವರ್ಗಚಿತಿಘನ, ಅಂದರೆ ಚೌಕಗಳನ್ನು ಒಂದರ ಮೇಲೊಂದು ಪೇರಿಸಿದ ರಾಶಿಯ ಘನಫಲ. ಅವನ ಮೇಲೆ ಭಾಷ್ಯ ಬರೆದ ಕೇರಳದ ನೀಲಕಂಠ ಸೋಮಯಾಜಿ ಅಂಥ ಆರು ರಾಶಿಗಳನ್ನು ಜೋಡಿಸಿದರೆ n, n+1, 2n+1 ಬಾಹುಗಳ ಇಟ್ಟಿಗೆಯಾಕಾರದ ಘನ ಆಗುತ್ತದೆ ಎಂದು ತೋರಿಸುತ್ತಾನೆ. ಅದೇ ಪರಂಪರೆಯ ಜ್ಯೇಷ್ಠದೇವ ಹದಿನಾರನೆಯ ಶತಮಾನದಲ್ಲಿ ಮಲಯಾಳದಲ್ಲಿ ಬರೆದ ಯುಕ್ತಿಭಾಷಾದಲ್ಲಿ ನಮಗೆ ಬೇಕಾದ ಮುಂದಿನ ಹೆಜ್ಜೆಯೂ ಇದೆ. n ಬಹಳ ದೊಡ್ಡದಾದಾಗ ವರ್ಗಗಳ ಮೊತ್ತಕ್ಕೆ n ನ ಘನದ ಮೂರನೇ ಒಂದು ಭಾಗ ಸಾಕು, ಉಳಿದದ್ದು ಲೆಕ್ಕಕ್ಕೆ ಬಾರದಷ್ಟು ಸಣ್ಣದು ಎಂದು ಅಲ್ಲಿ ವಾದಿಸಲಾಗಿದೆ.

ಈಗ S ಅನ್ನು n³ ರಿಂದ ಭಾಗಿಸಿ. ಎಡ ಮೊತ್ತದಲ್ಲಿ ಕೊನೆಯ n² ಇಲ್ಲ, ಅದನ್ನು ಕಳೆಯಿರಿ.

Rₙ = 1/3 + 1/(2n) + 1/(6n²)

Lₙ = 1/3 − 1/(2n) + 1/(6n²)

ಪರೀಕ್ಷೆಯಲ್ಲಿ (n+1)(2n+1)/(6n²) ಎಂದು ಬರೆದು, n ಗಳನ್ನು ಹೊಡೆದು, 2/6 ಎಂದು ಮುಗಿಸುವುದು ವಾಡಿಕೆ. ನಾನು ಬಿಡಿಸಿ ಬರೆಯುವುದನ್ನೇ ಇಷ್ಟಪಡುತ್ತೇನೆ, ಏಕೆಂದರೆ ಹೀಗೆ ಬರೆದಾಗ ನೀವು ಕೇಳಿದ ಆ ಚೂರುಗಳು ಎಷ್ಟು ದೊಡ್ಡವು ಎನ್ನುವುದು ಕಣ್ಣಿಗೇ ಬೀಳುತ್ತದೆ. ಹತ್ತು ಪಟ್ಟಿಗಳಿಗೆ Lₙ 0.285, Rₙ 0.385. ನೂರು ಪಟ್ಟಿಗಳಿಗೆ 0.32835 ಮತ್ತು 0.33835. ಸಾವಿರಕ್ಕೆ 0.3328335 ಮತ್ತು 0.3338335. ಎರಡರ ನಡುವಿನ ಅಂತರ ಪ್ರತಿ ಸಲವೂ ಸರಿಯಾಗಿ 1/n.

ಈ 1/n ಎಲ್ಲಿಂದ ಬಂತು ಎಂದು ಸೂತ್ರವಿಲ್ಲದೆಯೇ ನೋಡಬಹುದು. ದಯವಿಟ್ಟು ಒಂದು ಚಿತ್ರ ಬರೆದುಕೊಳ್ಳಿ. ಪ್ರತಿ ಪಟ್ಟಿಯಲ್ಲೂ ದೊಡ್ಡ ಆಯತದಿಂದ ಸಣ್ಣ ಆಯತ ಕಳೆದರೆ ಮೇಲ್ಗಡೆ ಒಂದು ಪುಟ್ಟ ಆಯತ ಉಳಿಯುತ್ತದೆ. ವಕ್ರರೇಖೆ ಅದರೊಳಗಿಂದ ಓರೆಯಾಗಿ ಹಾದುಹೋಗುತ್ತದೆ. ಈ ಪುಟ್ಟ ಆಯತಗಳನ್ನೆಲ್ಲ ಅಡ್ಡಡ್ಡ ಸರಿಸಿ ಕೊನೆಯ ಪಟ್ಟಿಗೆ ತನ್ನಿ. ಒಂದು ಆಯತದ ಮೇಲಂಚು ಎಲ್ಲಿ ಮುಗಿಯುತ್ತದೋ ಮುಂದಿನದರ ಕೆಳಂಚು ಅಲ್ಲೇ ಶುರುವಾಗುವುದರಿಂದ ಅವು ಒಂದರ ಮೇಲೊಂದು ಬಿಡುವಿಲ್ಲದೆ ಕೂರುತ್ತವೆ. ಎಲ್ಲ ಸೇರಿ ಎತ್ತರ 1, ಅಗಲ 1/n ಇರುವ ಒಂದೇ ಕಂಬ. ಆ ಕಂಬದ ಎತ್ತರ n ಹೆಚ್ಚಿದರೂ ಬದಲಾಗುವುದಿಲ್ಲ, ಅಗಲ ಮಾತ್ರ ಕಿರಿದಾಗುತ್ತ ಹೋಗುತ್ತದೆ. 1687 ರ ಪ್ರಿನ್ಸಿಪಿಯಾದ ಮೊದಲ ಭಾಗದಲ್ಲಿ ಎರಡನೆಯ ಪೂರ್ವಪ್ರಮೇಯವಾಗಿ ನ್ಯೂಟನ್ ಕೊಡುವ ವಾದ ಇದೇ. ಪಟ್ಟಿಗಳು ಹೆಚ್ಚಿದಂತೆ ಚೂರುಗಳ ಸಂಖ್ಯೆಯೂ ಹೆಚ್ಚುತ್ತದೆ, ಹಾಗಾಗಿ ಒಟ್ಟು ಚೂರು ಕಡಿಮೆಯಾಗದೆ ಹೋದರೆ ಎಂಬ ಭಯ ಸಹಜ. ಚೂರುಗಳ ಸಂಖ್ಯೆ ಎಷ್ಟೇ ಇರಲಿ, ಅವೆಲ್ಲವೂ ಆ ಒಂದು ಕಂಬದೊಳಗೆ ಹಿಡಿಯಬೇಕು ಎನ್ನುವುದು ಆ ಭಯಕ್ಕೆ ಉತ್ತರ.

ಇನ್ನು ನಿಖರತೆಯ ಮಾತು. ವಕ್ರರೇಖೆಯ ಕೆಳಗಿನ ವಿಸ್ತೀರ್ಣವನ್ನು A ಎನ್ನಿ. ಅದು 1/3 ಎಂದು ನಮಗಿನ್ನೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಒಳಗಿನ ಆಯತಗಳು A ಗಿಂತ ಕಡಿಮೆ, ಹೊರಗಿನವು A ಗಿಂತ ಹೆಚ್ಚು. n ಯಾವುದೇ ಇರಲಿ, Lₙ < A < Rₙ. ಯಾರಾದರೂ A ಯ ಬೆಲೆ 1/3 ಕ್ಕಿಂತ 0.001 ಹೆಚ್ಚು, ಸುಮಾರು 0.33433 ಎಂದು ಹಠ ಹಿಡಿದರು ಎನ್ನಿ. ಸಾವಿರ ಪಟ್ಟಿಗಳ ಹೊರ ಮೊತ್ತವೇ 0.3338335, A ಅದಕ್ಕಿಂತ ಕಡಿಮೆ ಇರಬೇಕು. ಹಾಗಾಗಿ ಅವರ ಸಂಖ್ಯೆ ಬಿದ್ದುಹೋಯಿತು. ಅವರು 0.000001 ರಷ್ಟು ಮಾತ್ರ ಹೆಚ್ಚು ಎಂದರೆ ನಾವು ಹತ್ತು ಲಕ್ಷ ಪಟ್ಟಿ ತೆಗೆದುಕೊಳ್ಳುತ್ತೇವೆ. 1/3 ಕ್ಕಿಂತ ಕಡಿಮೆ ಎನ್ನುವವರಿಗೆ ಒಳ ಮೊತ್ತ ಇದೇ ರೀತಿ ಉತ್ತರ ಕೊಡುತ್ತದೆ. ಎಲ್ಲ ಒಳ ಮೊತ್ತಗಳಿಗಿಂತ ಹೆಚ್ಚು, ಎಲ್ಲ ಹೊರ ಮೊತ್ತಗಳಿಗಿಂತ ಕಡಿಮೆ ಇರುವ ಸಂಖ್ಯೆ 1/3 ಬಿಟ್ಟರೆ ಬೇರೊಂದಿಲ್ಲ. ನೀವು ಹೇಳಿದ ಹಾಗೆ ಪ್ರತಿಯೊಂದು ಮೊತ್ತವೂ ಅಂದಾಜೇ, ಯಾವ n ನಲ್ಲೂ ಚೂರು ಉಳಿದೇ ಇರುತ್ತದೆ. ಆದರೆ ಲಿಮಿಟ್ ಎನ್ನುವುದು ಆ ಮೊತ್ತಗಳ ಸಾಲಿನ ಕೊನೆಯ ಮೊತ್ತವಲ್ಲ, ಅಂಥ ಕೊನೆಯ ಮೊತ್ತವೇ ಇಲ್ಲ. ಎರಡೂ ಕಡೆಯಿಂದ ಒತ್ತಿದಾಗ ಉಳಿಯುವ ಆ ಒಂದೇ ಸಂಖ್ಯೆಗೆ ಲಿಮಿಟ್ ಎಂದು ಹೆಸರು. ಅಂದಾಜುಗಳ ಸಹಾಯದಿಂದ ಗುರುತಿಸಿದ ಸಂಖ್ಯೆಯಾದರೂ ಅದು ತಾನೇ ಅಂದಾಜಲ್ಲ.

ಇದೇ ಜಾಗದಲ್ಲಿ ಹಲವರು ಇನ್ನೊಂದು ದಾರಿಯಲ್ಲಿ ಜಾರುತ್ತಾರೆ. ಪ್ರತಿ ಆಯತದ ವಿಸ್ತೀರ್ಣ k²/n³, n ಬೆಳೆದಂತೆ ಅದು 0 ಗೆ ಹೋಗುತ್ತದೆ, ಸೊನ್ನೆಗಳನ್ನು ಕೂಡಿದರೆ ಸೊನ್ನೆ ಎನ್ನುತ್ತಾರೆ. ಪದಗಳ ಸಂಖ್ಯೆ ಬದಲಾಗದೆ ಇದ್ದಿದ್ದರೆ ಹಾಗೆ ಒಂದೊಂದರ ಲಿಮಿಟ್ ಬೇರೆ ಬೇರೆ ತೆಗೆಯಬಹುದಿತ್ತು. ಇಲ್ಲಿ ಪದಗಳ ಸಂಖ್ಯೆಯೂ n. ಒಂದೊಂದು ಪದ ಕುಗ್ಗುವಷ್ಟೇ ವೇಗದಲ್ಲಿ ಪದಗಳು ಹೆಚ್ಚುತ್ತವೆ. ಅದಕ್ಕೇ ಮೊದಲು ಕೂಡಬೇಕು, ಮೊತ್ತವನ್ನು n ನ ಒಂದೇ ಸೂತ್ರವಾಗಿ ಬರೆಯಬೇಕು, ಆಮೇಲೆ ಲಿಮಿಟ್ ತೆಗೆಯಬೇಕು. ವರ್ಗಗಳ ಮೊತ್ತದ ಸೂತ್ರ ಇಷ್ಟು ಮುಖ್ಯವಾಗುವುದು ಆ ಮಧ್ಯದ ಹೆಜ್ಜೆಗೆ.

ಅಂತರ 0 ಯಿಂದ ಶುರುವಾಗದಿದ್ದರೆ ಕೆಲಸ ತುಸು ಹೆಚ್ಚು. 1 ರಿಂದ 3 ರವರೆಗೆ x² ತೆಗೆದುಕೊಳ್ಳಿ. ಒಟ್ಟು ಅಗಲ 2, ಒಂದು ಪಟ್ಟಿಯ ಅಗಲ 2/n. k ನೆಯ ಬಲ ತುದಿ 1 + 2k/n. ಅದರ ವರ್ಗ 1 + 4k/n + 4k²/n². ಈ ಮೂರು ಪದಗಳನ್ನೂ k = 1 ರಿಂದ n ವರೆಗೆ ಕೂಡಿ, 2/n ರಿಂದ ಗುಣಿಸಿದರೆ,

Rₙ = (2/n)[n + (4/n)·n(n+1)/2 + (4/n²)·n(n+1)(2n+1)/6]

ಮೊದಲ ಪದ 1 ನ್ನು n ಸಲ ಕೂಡಿದಾಗ n ಬರುತ್ತದೆ. ಇಲ್ಲಿ 1 ಎಂದೇ ಬಿಟ್ಟುಬಿಡುವುದು ಪರೀಕ್ಷೆಯ ಉತ್ತರಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು. n = 1 ಹಾಕಿ ನೋಡಿ: 2(1 + 4 + 4) = 18. ಅಗಲ 2, ಎತ್ತರ 9 ಇರುವ ಒಂದೇ ಆಯತ, ಸರಿಹೋಯಿತು. ಆದರೆ ಆ n ಬಿಟ್ಟುಹೋದ ತಪ್ಪು n = 1 ರಲ್ಲಿ ಕಾಣಿಸುವುದಿಲ್ಲ, ಅಲ್ಲಿ n ಮತ್ತು 1 ಎರಡೂ ಒಂದೇ. ಅದಕ್ಕೇ ನಾನು ಮೇಲೆ 2 ಹಾಕಿ ನೋಡಲು ಹೇಳಿದ್ದು. n = 2 ಆದಾಗ ಆಯತಗಳ ಅಗಲ 1, ಎತ್ತರ 4 ಮತ್ತು 9, ಮೊತ್ತ 13. ಸೂತ್ರವೂ 2 + 6 + 5 = 13 ಕೊಡುತ್ತದೆ. ಈಗ ಲಿಮಿಟ್ ತೆಗೆದರೆ 2(1 + 2 + 4/3) = 26/3. x³/3 ಹಾಕಿದರೆ 27/3 − 1/3, ಅದೇ ಉತ್ತರ.

ಅಂತರದಲ್ಲಿ ಋಣ ಸಂಖ್ಯೆಗಳಿದ್ದರೆ ಒಂದು ಎಚ್ಚರ ಬೇಕು. −1 ರಿಂದ 2 ರವರೆಗೆ ಎಂದಾಗ x² ಮೊದಲು ಇಳಿದು ಆಮೇಲೆ ಏರುತ್ತದೆ. 0 ಯ ಎಡಕ್ಕೆ ಎಡ ತುದಿಯ ಆಯತವೇ ದೊಡ್ಡದು. ಲಿಮಿಟ್ ಆಗಲೂ ಸರಿಯಾಗಿಯೇ ಬರುತ್ತದೆ, ಆದರೆ Lₙ ಒಳಗಿನ ಮೊತ್ತ, Rₙ ಹೊರಗಿನ ಮೊತ್ತ ಎಂಬ ವಾದ ಹಾಗೆಯೇ ನಿಲ್ಲುವುದಿಲ್ಲ. 0 ಯಲ್ಲಿ ಅಂತರವನ್ನು ಮುರಿದು ಎರಡು ಭಾಗಕ್ಕೂ ಬೇರೆ ಬೇರೆ ವಾದ ಹೂಡಬೇಕು.

ಪಟ್ಟಿಗಳು ಸಮವಾಗಿಯೇ ಇರಬೇಕೆಂಬ ನಿಯಮವಿಲ್ಲ, ಎತ್ತರವನ್ನು ತುದಿಯಲ್ಲೇ ಅಳೆಯಬೇಕೆಂದೂ ಇಲ್ಲ. 1854 ರಲ್ಲಿ ರೀಮಾನ್ ಕೊಟ್ಟ ವ್ಯಾಖ್ಯೆಯಲ್ಲಿ ಪಟ್ಟಿಗಳು ಹೇಗೂ ಇರಬಹುದು, ಎತ್ತರವನ್ನು ಪಟ್ಟಿಯೊಳಗಿನ ಯಾವ ಬಿಂದುವಿನಲ್ಲಾದರೂ ತೆಗೆದುಕೊಳ್ಳಬಹುದು. ಷರತ್ತು ಒಂದೇ: ಅತಿ ಅಗಲದ ಪಟ್ಟಿಯೂ 0 ಯತ್ತ ಕುಗ್ಗಬೇಕು. ಪಟ್ಟಿಗಳ ಸಂಖ್ಯೆ ಹೆಚ್ಚಿದರೆ ಮಾತ್ರ ಸಾಲದು. 0 ಯಿಂದ 1/2 ರವರೆಗೆ ಒಂದೇ ಪಟ್ಟಿಯಾಗಿ ಬಿಟ್ಟು, ಉಳಿದ ಅರ್ಧವನ್ನು ಮಾತ್ರ ಸಾವಿರ, ಲಕ್ಷ ಎಂದು ಸೀಳುತ್ತ ಹೋಗಿ ಬಲ ತುದಿಯ ಎತ್ತರ ಹಿಡಿದರೆ ಮೊದಲ ಪಟ್ಟಿ ಎಂದಿಗೂ 1/8 ಕೊಡುತ್ತದೆ, ಉಳಿದವು 7/24 ರತ್ತ ಹೋಗುತ್ತವೆ. ಒಟ್ಟು 5/12. ಪಟ್ಟಿಗಳು ಅನಂತವಾದರೂ ಉತ್ತರ ತಪ್ಪು, ಏಕೆಂದರೆ ಚೂರುಗಳನ್ನು ಹಿಡಿದಿಡುವ ಕಂಬ ಒಂದು ಕಡೆ ಅಗಲವಾಗಿಯೇ ಉಳಿಯಿತು.

ಪಟ್ಟಿಗಳನ್ನು ಅಸಮವಾಗಿ ಕತ್ತರಿಸುವ ಈ ಸ್ವಾತಂತ್ರ್ಯ ಕೆಲವೊಮ್ಮೆ ತುಂಬ ಉಪಯೋಗಕ್ಕೆ ಬರುತ್ತದೆ. 0 ಯಿಂದ 1 ರವರೆಗೆ √x ನ ವಿಸ್ತೀರ್ಣ ಬೇಕೆನ್ನಿ. ಸಮ ಪಟ್ಟಿಗಳನ್ನು ಮಾಡಿದರೆ √1 + √2 + √3 + ... ಎಂಬ ಮೊತ್ತ ಎದುರಾಗುತ್ತದೆ, ಅದಕ್ಕೆ ವರ್ಗಗಳ ಮೊತ್ತದಂಥ ಸರಳ ಸೂತ್ರವಿಲ್ಲ, ಲೆಕ್ಕ ಅಲ್ಲೇ ನಿಂತುಬಿಡುತ್ತದೆ. ಬದಲಿಗೆ ಭಾಗಿಸುವ ಬಿಂದುಗಳನ್ನು (k/n)² ಎಂದು ಆರಿಸಿ. ಬಲ ತುದಿಯಲ್ಲಿ ಎತ್ತರ k/n, ಬೇರುಚಿಹ್ನೆ ಮಾಯ. ಪಟ್ಟಿಯ ಅಗಲ (k/n)² − ((k−1)/n)², ಅಂದರೆ (2k−1)/n². ಅತಿ ಅಗಲದ ಪಟ್ಟಿ (2n−1)/n², ಅದು 0 ಗೆ ಹೋಗುತ್ತದೆ, ಷರತ್ತು ಪೂರೈಸಿತು. ಆಯತಗಳ ಮೊತ್ತ,

[2(1² + 2² + ... + n²) − (1 + 2 + ... + n)]/n³

ಮತ್ತೆ ಅದೇ ವರ್ಗಗಳ ಮೊತ್ತ. ಮೊದಲ ಭಾಗ 2/3 ಕ್ಕೆ ಹೋಗುತ್ತದೆ, ಎರಡನೆಯದರ ಅಂಶದಲ್ಲಿ n² ಮಟ್ಟದ ಪದಗಳಷ್ಟೇ ಇರುವುದರಿಂದ ಅದು 0 ಗೆ ಹೋಗುತ್ತದೆ. √x ಕೆಳಗಿನ ವಿಸ್ತೀರ್ಣ 2/3. ಒಂದು ಮಾನದ ಚೌಕದೊಳಗೆ x² ಮತ್ತು √x ಎರಡನ್ನೂ ಬರೆದು y = x ರೇಖೆಯಲ್ಲಿ ಮಡಚಿದರೆ ಒಂದು ಇನ್ನೊಂದರ ಮೇಲೆ ಕೂರುತ್ತದೆ. ಹಾಗಾಗಿ √x ನ ಕೆಳಗಿನ ಭಾಗವೆಂದರೆ x² ನ ಮೇಲೆ ಚೌಕದೊಳಗೆ ಉಳಿದ ಭಾಗವೇ, 1 − 1/3.